ಹಿಂಜರಿತ ಬರಲಿಲ್ಲ ಎಂದು ರೇಖೆಯನ್ನು ಬೈಯುವ ಮೊದಲು

*ಸಂಪಾದಕರೇ, ಅಮೆರಿಕದ ಯೀಲ್ಡ್ ಕರ್ವ್ 2022ರಲ್ಲಿ ತಲೆಕೆಳಗಾದಾಗ ಹಿಂಜರಿತ ಬಂದೇಬಿಟ್ಟಿತು ಎಂದು ತಜ್ಞರೆಲ್ಲ ಹೆದರಿಸಿದರು. ನಾನು ಷೇರು ಮಾರಿ ಕೂತೆ. ಎರಡು ವರ್ಷ ಕಳೆದರೂ ಏನೂ ಆಗಲಿಲ್ಲ, ಮಾರುಕಟ್ಟೆ ಮಾತ್ರ ನನ್ನನ್ನು ಬಿಟ್ಟು ಮೇಲೆ ಹೋಯಿತು. ಇದಕ್ಕೂ ಜ್ಯೋತಿಷ್ಯಕ್ಕೂ ಏನು ವ್ಯತ್ಯಾಸ? ನೀವು ಇನ್ನೂ ಆ ಗ್ರಾಫ್ ಅಚ್ಚು ಹಾಕುವುದೇಕೆ?*
*— ಒಬ್ಬ ಹಳೆಯ ಓದುಗ*

ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ, ಮೊದಲು ಅದನ್ನು ಒಪ್ಪಿಬಿಡುತ್ತೇನೆ. ಬೇರೆ ಬೇರೆ ಅವಧಿಯ ಸರ್ಕಾರಿ ಬಾಂಡುಗಳ ಬಡ್ಡಿಯನ್ನು ಸಾಲಾಗಿ ತೋರಿಸುವ ರೇಖೆಯೇ ಯೀಲ್ಡ್ ಕರ್ವ್; ದೀರ್ಘಾವಧಿ ಬಡ್ಡಿ ಅಲ್ಪಾವಧಿ ಬಡ್ಡಿಗಿಂತ ಕೆಳಗಿಳಿದರೆ ಅದು ತಲೆಕೆಳಗಾಯಿತು ಎನ್ನುತ್ತಾರೆ. ಹತ್ತು ವರ್ಷದ ಸರ್ಕಾರಿ ಬಾಂಡಿನ ಬಡ್ಡಿ ಎರಡು ವರ್ಷದ ಬಾಂಡಿನ ಬಡ್ಡಿಗಿಂತ ಕೆಳಗಿಳಿದದ್ದು 2022ರ ಜುಲೈನಲ್ಲಿ, ಮತ್ತೆ ಮೇಲೇರಿದ್ದು 2024ರ ಸೆಪ್ಟೆಂಬರಿನಲ್ಲಿ. ಅಷ್ಟು ದೀರ್ಘ ಕಾಲ ತಲೆಕೆಳಗಾಗಿದ್ದರೂ 2023 ಮತ್ತು 2024ರಲ್ಲಿ ಅಮೆರಿಕದ ಆರ್ಥಿಕತೆ ಶೇ 2.5ಕ್ಕೂ ಹೆಚ್ಚು ಬೆಳೆಯಿತು. 1966ರಲ್ಲೂ ಹೀಗೆಯೇ ಆಗಿತ್ತು: ರೇಖೆ ಉಲ್ಟಾ ಆಯಿತು, ಬೆಳವಣಿಗೆ ನಿಧಾನವಾಯಿತು, ಹಿಂಜರಿತ ಮಾತ್ರ ಬರಲಿಲ್ಲ. ನಿಮ್ಮ ಪಾಲಿನ ಗೆಲುವು ಇಷ್ಟು. ಇನ್ನು ನನ್ನ ಮಾತು ಕೇಳಿ.

ಹತ್ತು ವರ್ಷದ ಬಡ್ಡಿಯೊಳಗೆ ಎರಡು ಸಂಗತಿಗಳು ಬೆರೆತಿರುತ್ತವೆ. ಮುಂದಿನ ಹತ್ತು ವರ್ಷ ಅಲ್ಪಾವಧಿ ಬಡ್ಡಿ ಸರಾಸರಿ ಎಷ್ಟಿರಬಹುದೆಂಬ ಮಾರುಕಟ್ಟೆಯ ಅಂದಾಜು ಒಂದು; ಅಷ್ಟು ಕಾಲ ಹಣ ಕಟ್ಟಿಹಾಕಿದ್ದಕ್ಕೆ ಕೇಳುವ ಹೆಚ್ಚುವರಿ ಇನ್ನೊಂದು. ಸಾಮಾನ್ಯವಾಗಿ ಈ ಹೆಚ್ಚುವರಿಯಿಂದಾಗಿಯೇ ದೀರ್ಘಾವಧಿ ಬಡ್ಡಿ ಮೇಲಿರುತ್ತದೆ. ಅದು ಕೆಳಗಿಳಿಯಿತೆಂದರೆ, ಇವತ್ತಿನ ಬಡ್ಡಿ ಬಹಳ ದಿನ ಹೀಗೇ ಇರದು, ಕೇಂದ್ರ ಬ್ಯಾಂಕು ಇಳಿಸಲೇಬೇಕಾಗುತ್ತದೆ ಎಂದು ಬಾಂಡ್ ಕೊಳ್ಳುವವರು ದುಡ್ಡಿಟ್ಟು ಹೇಳುತ್ತಿದ್ದಾರೆ ಎಂದರ್ಥ. ಕೇಂದ್ರ ಬ್ಯಾಂಕು ಬಡ್ಡಿ ಇಳಿಸುವುದು ಹೆಚ್ಚಾಗಿ ಆರ್ಥಿಕತೆ ಹಾಸಿಗೆ ಹಿಡಿದಾಗಲೇ. ಇದರಲ್ಲಿ ಗ್ರಹಗತಿ ಎಲ್ಲಿದೆ ಹೇಳಿ?

ಷಿಕಾಗೊ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಈ ನಂಟಿನ ಮೇಲೆ ಪ್ರಬಂಧ ಬರೆದ ಕ್ಯಾಂಪ್ಬೆಲ್ ಹಾರ್ವೆ ಒಂದು ಷರತ್ತು ಹಾಕಿದ್ದರು. ಒಂದೆರಡು ದಿನ ಉಲ್ಟಾ ಆದರೆ ಸಾಲದು, ಇಡೀ ತ್ರೈಮಾಸಿಕದ ಸರಾಸರಿ ಹಾಗಿರಬೇಕು. ಅವರು ನೋಡಿದ್ದು ದೀರ್ಘಾವಧಿ ಬಾಂಡನ್ನೂ, ಸರ್ಕಾರ ಅಲ್ಪಾವಧಿ ಸಾಲಕ್ಕೆ ಕೊಡುವ ಮೂರು ತಿಂಗಳ ಬಿಲ್ಲನ್ನೂ. ಟಿವಿಯಲ್ಲಿ ಅರಚುವವರು ಈ ಷರತ್ತನ್ನು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ರೇಖೆಯನ್ನು ಅಳೆಯಲು 2006ಕ್ಕಿಂತ ಒಳ್ಳೆಯ ಕಾಲವಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 2004ರ ಜೂನಿನಿಂದ 2006ರ ಜೂನಿನವರೆಗೆ ಹದಿನೇಳು ಬಾರಿ ಬಡ್ಡಿ ಏರಿಸಿ ಶೇ 1ರಿಂದ ಶೇ 5.25ಕ್ಕೆ ತಂದಿತ್ತು. ದೀರ್ಘಾವಧಿ ಬಡ್ಡಿ ಮಾತ್ರ ಮೇಲೇಳಲು ಒಪ್ಪಲಿಲ್ಲ. ಇದೊಂದು ಒಗಟು ಎಂದು ಅಂದಿನ ಫೆಡ್ ಅಧ್ಯಕ್ಷ ಗ್ರೀನ್‌ಸ್ಪ್ಯಾನ್ 2005ರಲ್ಲೇ ತಲೆ ಕೆರೆದುಕೊಂಡಿದ್ದರು. ಅವರ ಉತ್ತರಾಧಿಕಾರಿ ಬರ್ನಾಂಕೆ 2006ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಮಾತನಾಡುತ್ತ, ರೇಖೆ ಚಪ್ಪಟೆಯಾಗಿರುವುದನ್ನು ದೊಡ್ಡ ಕುಸಿತದ ಸೂಚನೆಯೆಂದು ತಾವು ಓದುವುದಿಲ್ಲ ಎಂದರು. ವಿದೇಶಿ ಉಳಿತಾಯದ ಹಣ ಅಮೆರಿಕದ ಬಾಂಡುಗಳಿಗೆ ಹರಿದುಬರುತ್ತಿದೆ, ದೀರ್ಘಾವಧಿಗೆ ಕೇಳುವ ಆ ಹೆಚ್ಚುವರಿ ಬಡ್ಡಿ ಕರಗಿಹೋಗಿದೆ ಎಂಬುದು ಅವರ ವಾದ. ವಾದ ಬುದ್ಧಿವಂತಿಕೆಯದೇ, ಒಂದು ಪಾಲು ನಿಜವೂ ಹೌದು.

ಆ ಆಗಸ್ಟಿನಲ್ಲಿ ಮೂರು ತಿಂಗಳ ಬಿಲ್ಲಿನ ಬಡ್ಡಿ ಹತ್ತು ವರ್ಷದ ಬಾಂಡಿನದನ್ನು ದಾಟಿತು. 2007ರ ಫೆಬ್ರವರಿ ಹೊತ್ತಿಗೆ ಒಂದು ಶೇ 5ಕ್ಕಿಂತ ಮೇಲೆ, ಇನ್ನೊಂದು ಶೇ 4.7ರ ಆಸುಪಾಸು. ವರ್ಷದ ಮಧ್ಯದಲ್ಲಿ ರೇಖೆ ಮತ್ತೆ ನೆಟ್ಟಗಾಯಿತು. ಗಂಡಾಂತರ ಕಳೆಯಿತೆಂದು ಎಷ್ಟೋ ಜನ ನಿಟ್ಟುಸಿರುಬಿಟ್ಟರು. ಹಿಂಜರಿತ ಶುರುವಾದದ್ದು ಅದೇ ಡಿಸೆಂಬರಿನಲ್ಲಿ. ಅದನ್ನು ಅಧಿಕೃತವಾಗಿ ಗುರುತಿಸುವ ಸಮಿತಿ ಹಾಗೆಂದು ಪ್ರಕಟಿಸಿದ್ದು 2008ರ ಡಿಸೆಂಬರ್ 1ರಂದು, ಲೇಮನ್ ಬ್ರದರ್ಸ್ ಬ್ಯಾಂಕು ಮುಳುಗಿ ಎರಡೂವರೆ ತಿಂಗಳಾದ ಮೇಲೆ!

ಬ್ಯಾಂಕೊಂದರ ಖಜಾನೆ ವಿಭಾಗದಲ್ಲಿ ತಲೆ ನರೆಸಿಕೊಂಡ ನನ್ನ ಗೆಳೆಯರೊಬ್ಬರಿದ್ದಾರೆ. ರೇಖೆ ಉಲ್ಟಾ ಆದಾಗ ಅವರು ಚಹಾ ಕುಡಿಯುತ್ತ ಕೂರುತ್ತಾರೆ, ನೆಟ್ಟಗಾಗತೊಡಗಿದಾಗ ಕನ್ನಡಕ ಹಾಕಿಕೊಳ್ಳುತ್ತಾರೆ. ಅಲ್ಪಾವಧಿ ಬಡ್ಡಿ ಸರಸರನೆ ಬಿದ್ದು ನೆಟ್ಟಗಾದರೆ, ಫೆಡ್ ಏನನ್ನೋ ಕಂಡು ಬೆಚ್ಚಿದೆ ಎಂದರ್ಥ. 2007ರಲ್ಲಿ ಮೂರು ತಿಂಗಳ ಬಿಲ್ಲಿನ ಬಡ್ಡಿ ಬಿದ್ದದ್ದು ಹಾಗೆ.

ಫೆಡ್‌ನ ನ್ಯೂಯಾರ್ಕ್ ಶಾಖೆ ಹತ್ತು ವರ್ಷದ ಬಾಂಡಿಗೂ ಮೂರು ತಿಂಗಳ ಬಿಲ್ಲಿಗೂ ಇರುವ ಬಡ್ಡಿಯ ಅಂತರದಿಂದಲೇ ಹನ್ನೆರಡು ತಿಂಗಳ ನಂತರದ ಹಿಂಜರಿತದ ಸಂಭವವನ್ನು ಲೆಕ್ಕಹಾಕುತ್ತದೆ. 2007ರಲ್ಲಿ ಆ ಲೆಕ್ಕ ಏರಿದ್ದು ಸುಮಾರು ಶೇ 40ಕ್ಕೆ, ಬಂದದ್ದು ಮಹಾಕುಸಿತ. 2023ರಲ್ಲಿ ಸುಮಾರು ಶೇ 70, ಹಿಂಜರಿತ ಬರಲೇ ಇಲ್ಲ. ರೇಖೆ ಎಷ್ಟು ಆಳಕ್ಕೆ ಇಳಿಯಿತು ಎಂಬುದಕ್ಕೂ ಮುಂದಿನ ಪೆಟ್ಟು ಎಷ್ಟು ಜೋರು ಎಂಬುದಕ್ಕೂ ನಂಟಿಲ್ಲ. ಶೇ 70 ಎಂದರೆ ಉಳಿದ ಶೇ 30 ಕೂಡ ಇದೆ ಎಂಬುದನ್ನು, ಪತ್ರ ಬರೆಯುವಷ್ಟು ಲೆಕ್ಕ ಬಲ್ಲ ನಿಮಗೆ ನಾನು ಹೇಳಿಕೊಡಬೇಕೆ?

ಹಾಗಾದರೆ ಈ ಬಾರಿ ಬೇರೆ ಏನಿತ್ತು? 2022ರ ಜೂನಿನಲ್ಲಿ ಹಣದುಬ್ಬರ ಶೇ 9.1 ಇತ್ತು. ಅದು ಇಳಿದರೆ ಸಾಕು, ಆರ್ಥಿಕತೆ ಕಾಯಿಲೆ ಬೀಳದೆಯೂ ಬಡ್ಡಿ ಇಳಿಯುತ್ತದೆ ಎಂದು ಮಾರುಕಟ್ಟೆ ಎಣಿಸಲು ಕಾರಣವಿತ್ತು. ಮೇಲಾಗಿ ಎಷ್ಟೋ ಮನೆಯವರು ಅಗ್ಗದ ಕಾಲದಲ್ಲೇ ಮೂವತ್ತು ವರ್ಷಕ್ಕೆ ಸ್ಥಿರ ಬಡ್ಡಿಯ ಗೃಹಸಾಲ ಮಾಡಿಕೊಂಡಿದ್ದರು. ಏರಿದ ಬಡ್ಡಿ ಅವರ ಕಂತಿಗೆ ತಟ್ಟಲಿಲ್ಲ.

ಆದರೆ ಏನೂ ಆಗಲಿಲ್ಲ ಎನ್ನಬೇಡಿ. ಸಿಲಿಕಾನ್ ವ್ಯಾಲಿ ಬ್ಯಾಂಕಿನ ಠೇವಣಿದಾರರನ್ನು ಕೇಳಿ ನೋಡಿ. ಬಡ್ಡಿ ತಳದಲ್ಲಿದ್ದಾಗ ಅದು ದೀರ್ಘಾವಧಿ ಬಾಂಡುಗಳನ್ನು ಕೊಂಡಿತ್ತು. ಅಲ್ಪಾವಧಿ ಬಡ್ಡಿ ಏರಿದಾಗ ಠೇವಣಿ ಹೊರಗೆ ಹರಿಯತೊಡಗಿತು, ಕೈಯಲ್ಲಿದ್ದ ಬಾಂಡಿನ ಬೆಲೆ ಬಿದ್ದಿತ್ತು. 2023ರ ಮಾರ್ಚ್ 8ರಂದು 2,100 ಕೋಟಿ ಡಾಲರಿನ ಬಾಂಡುಗಳನ್ನು 180 ಕೋಟಿ ನಷ್ಟಕ್ಕೆ ಮಾರಿದ್ದಾಗಿ ಹೇಳಿತು. ಮರುದಿನ ಒಂದೇ ದಿನದಲ್ಲಿ 4,200 ಕೋಟಿ ಡಾಲರ್ ಹೊರಹೋಯಿತು. 10ರಂದು ಬಾಗಿಲು ಮುಚ್ಚಿತು. ಅಲ್ಪಾವಧಿಗೆ ಪಡೆದು ದೀರ್ಘಾವಧಿಗೆ ಕೊಡುವ ಬ್ಯಾಂಕಿನ ಕಸುಬನ್ನೇ ಉಲ್ಟಾ ರೇಖೆ ಹಿಂಡುತ್ತದೆ. ಸರ್ಕಾರ ಮಧ್ಯೆ ಬಂದು ಅದರ ಎಲ್ಲ ಠೇವಣಿಗೂ ಅಭಯ ಕೊಟ್ಟಿತು, ಗಾಬರಿ ಹಬ್ಬುವ ವೇಗ ತಗ್ಗಿತು.

ನನ್ನ ಜಗಳ ಇರುವುದು ರೇಖೆಯ ಭಕ್ತರ ಜೊತೆಗೂ. 2019ರಲ್ಲಿ ಕೆಲವು ತಿಂಗಳು ಉಲ್ಟಾ ಆಗಿತ್ತು, 2020ರಲ್ಲಿ ಹಿಂಜರಿತ ಬಂತು, ನೋಡಿ ಗುರಿ ತಪ್ಪಲಿಲ್ಲ ಎನ್ನುತ್ತಾರೆ. ಕೊರೊನಾ ವೈರಸ್ ಬರುವುದು ಬಾಂಡ್ ವ್ಯಾಪಾರಿಗಳಿಗೆ ಗೊತ್ತಿತ್ತೇ? ಎಣಿಸಲು ಸಿಗುವುದೇ ಎಂಟೊಂಬತ್ತು ಪ್ರಸಂಗ, ಅದರಲ್ಲೂ ಈ ಕಳ್ಳಲೆಕ್ಕ! ಇನ್ನೊಂದು ಕಡೆ 2006ರಲ್ಲಿ ರೇಖೆಯನ್ನು ತಳ್ಳಿಹಾಕಿದ ಪಂಡಿತರನ್ನು ಯಾರೂ ಲೆಕ್ಕ ಕೇಳಲಿಲ್ಲ. ಮುನ್ಸೂಚನೆ ಹೇಳುವ ಉದ್ಯೋಗದಲ್ಲಿ ಹಳೆಯ ಕಡತ ತೆರೆಯುವ ಪದ್ಧತಿಯೇ ಇಲ್ಲ. ಹೊಸ ವರ್ಷ ಬಂದರೆ ಹೊಸ ಅಂದಾಜು, ಅದೇ ಕೋಟು, ಅದೇ ಕುರ್ಚಿ.

ಕೊನೆಗೆ ನಿಮ್ಮ ಷೇರಿನ ವಿಚಾರ. ರೇಖೆ ಸರಿಯಾಗಿ ಹೇಳಿದ ಆ 2006ರಲ್ಲೂ ನೀವು ಮಾರಿ ಕೂತಿದ್ದರೆ ಇದೇ ಪತ್ರ ಬರೆಯುತ್ತಿದ್ದಿರಿ. ಉಲ್ಟಾ ಆದಾಗ 1,300ರ ಆಸುಪಾಸಿನಲ್ಲಿದ್ದ ಅಮೆರಿಕದ ಷೇರು ಸೂಚ್ಯಂಕ ಎಸ್ ಆಂಡ್ ಪಿ 500 2007ರ ಅಕ್ಟೋಬರ್ 9ರಂದು 1,565ಕ್ಕೆ ಏರಿ ಶಿಖರ ಮುಟ್ಟಿತು. ಮಾರಿದವರು ಒಂದು ವರ್ಷಕ್ಕೂ ಹೆಚ್ಚು ಕಾಲ ಕೈ ಹಿಸುಕಿಕೊಂಡರು. ಷೇರು ಯಾವ ತಿಂಗಳು ಮಾರಬೇಕೆಂದು ಆ ರೇಖೆ ಯಾರಿಗೂ ಹೇಳಿದ್ದಿಲ್ಲ, ಗ್ರಾಫ್ ಹಾಕುವ ನಾವೂ ಹೇಳಿದ್ದಿಲ್ಲ. ಮುಂದಿನ ಸಂಚಿಕೆಯಲ್ಲೂ ಅದು ಅಚ್ಚಾಗುತ್ತದೆ, ಮೂರು ತಿಂಗಳ ಬಿಲ್ಲಿನ ಗೆರೆಯ ಸಮೇತ.
— ಸಂ.