ಮೊದಲ ಭೇಟಿಯ ನಂತರದ ಧನ್ಯವಾದದ ಮೇಲ್: ಕೋಡುಬಳೆ ಇರಲಿ, ‘ಎಲ್ಲಾ ಮಾಡಿಕೊಡೋಣ’ ಬೇಡ

ಪ್ರಶ್ನೆ: ಮೈಸೂರಿನಲ್ಲಿ ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್ ಮಾಡಿಕೊಡುವ ಚಿಕ್ಕ ವರ್ಕ್‌ಶಾಪ್ ನಮ್ಮದು. ನವೆಂಬರ್ 15ರ ಶನಿವಾರ ಹೊಸ ಗ್ರಾಹಕರೊಬ್ಬರ ಸೈಟಿನಲ್ಲಿ ಮೊದಲ ಭೇಟಿ ಆಯಿತು. ಅಡುಗೆಮನೆ ಮತ್ತು ಎರಡು ವಾರ್ಡ್‌ರೋಬ್‌ಗೆ ‘ನಾಲ್ಕು ಲಕ್ಷದ ಆಚೀಚೆ’ ಅಂದರು. ಟೈಲ್ಸ್, ಗ್ರಾನೈಟ್ ಇನ್ನೂ ಆಗಿಲ್ಲ. ಗೃಹಪ್ರವೇಶ ಸಂಕ್ರಾಂತಿ ಕಳೆದು ಜನವರಿ ಕೊನೆಯ ವಾರ. ಅಂತಿಮ ಅಳತೆ ತೆಗೆದ ಮೇಲೆ ನಮಗೆ 35 ದಿನ ಬೇಕು. ಅವರ ಅತ್ತೆ ಅಡುಗೆ ಕಟ್ಟೆ 32 ಇಂಚು ಸಾಕು ಅಂದರು. ಮೇಡಂ ಮುಂದೆ ಡಿಶ್‌ವಾಷರ್ ಇಡುವ ಯೋಚನೆ ಇದೆ ಅಂದರು. ಅವರಿಗೆ ಈ ಮೇಲ್ ಬರೆದಿಟ್ಟಿದ್ದೇನೆ. ನನ್ನ ಹೆಂಡತಿ ಓದಿ ‘ಜಾಸ್ತಿಯಾಯ್ತು’ ಅನ್ನುತ್ತಾಳೆ. ಆದರೆ ಒಣ ಆಫೀಸ್ ಪತ್ರ ಬರೆಯಲು ನನಗೆ ಮನಸ್ಸಿಲ್ಲ. ತಿದ್ದಿಕೊಡಿ.

> ವಿಷಯ: ಧನ್ಯವಾದಗಳು!!
>
> ನಮಸ್ತೆ ಮೇಡಂ,
> ನಿನ್ನೆ ತಾವು ತಮ್ಮ ಅಮೂಲ್ಯ ಸಮಯದಲ್ಲಿ ಬಿಡುವು ಮಾಡಿಕೊಂಡು ನಮ್ಮ ಜತೆ ಮಾತಾಡಿದ್ದಕ್ಕೆ ತುಂಬು ಹೃದಯದ ಧನ್ಯವಾದಗಳು. ಅರ್ಧ ಗಂಟೆ ತಡವಾಗಿದ್ದಕ್ಕೆ ಮತ್ತೊಮ್ಮೆ ಕ್ಷಮೆ ಇರಲಿ, ರಿಂಗ್ ರೋಡಿನಲ್ಲಿ ಟ್ರಾಫಿಕ್ ಇತ್ತು, ಅದೂ ಅಲ್ಲದೆ ಹಿಂದಿನ ಕಸ್ಟಮರ್ ಬಿಡಲಿಲ್ಲ. ಅಜ್ಜಿ ಡಬ್ಬಿಯಲ್ಲಿ ತಂದಿದ್ದ ಕೋಡುಬಳೆ ರುಚಿ ಇನ್ನೂ ನಾಲಗೆ ಮೇಲಿದೆ! ನಮ್ಮ ಮನೆಗೇ ಬಂದ ಹಾಗಾಯ್ತು. ಹಣದ ಬಗ್ಗೆ ನೀವು ಯೋಚನೆ ಮಾಡಬೇಡಿ, ನಿಮ್ಮ ನಾಲ್ಕು ಲಕ್ಷದಲ್ಲೇ ಎಲ್ಲಾ ಮಾಡಿಕೊಡೋಣ. ಗೃಹಪ್ರವೇಶಕ್ಕೆ ಮೊದಲೇ ಮುಗಿಸುವ ಜವಾಬ್ದಾರಿ ನನ್ನದು. ಅಜ್ಜಿ ಹೇಳಿದ ಹಾಗೆ ಕಟ್ಟೆ ಎತ್ತರ ಕಮ್ಮಿ ಮಾಡೋಣ. ಆದಷ್ಟು ಬೇಗ ಎಸ್ಟಿಮೇಟ್ ಕಳಿಸುತ್ತೇನೆ. ನಿಮ್ಮ ಕಡೆಯಿಂದ ಬರಬೇಕಾದ್ದನ್ನೂ ಕಳಿಸಿ. ಬೇರೆಯವರ ಹತ್ತಿರ ಹೋಗುವ ಮುನ್ನ ನನಗೊಂದು ಮಾತು ಹೇಳಿ. ಮತ್ತೊಮ್ಮೆ ಅನಂತ ಧನ್ಯವಾದಗಳು.
> ಇಂತಿ ನಿಮ್ಮ ಮನೆಯ ಮಗ

ಉತ್ತರ: ಕೋಡುಬಳೆಯ ಸಾಲನ್ನು ಯಾರು ಹೇಳಿದರೂ ತೆಗೆಯಬೇಡಿ. ಇಡೀ ಮೇಲ್‌ನಲ್ಲಿ ಬೇರೆ ಯಾರಿಗೂ ಕಳಿಸಲಾಗದ, ಆ ಮನೆಯವರಿಗಷ್ಟೇ ಸಲ್ಲುವ ಮಾತು ಅದೊಂದೇ. ‘ಅಮೂಲ್ಯ ಸಮಯ’, ‘ತುಂಬು ಹೃದಯ’, ‘ಅನಂತ ಧನ್ಯವಾದ’ಗಳನ್ನು ಯಾರು ಯಾರಿಗೆ ಬೇಕಾದರೂ ಬರೆಯಬಹುದು, ಹಾಗಾಗಿ ಅವುಗಳಿಂದ ಆತ್ಮೀಯತೆ ಹೆಚ್ಚುವುದಿಲ್ಲ. ನಿಮ್ಮ ಹೆಂಡತಿಗೆ ಜಾಸ್ತಿ ಅನಿಸಿದ್ದು ಬಹುಶಃ ಇವೇ. ಆದರೆ ನಿಜವಾದ ತೊಂದರೆ ಇರುವುದು ಇವುಗಳಲ್ಲಲ್ಲ, ಪ್ರೀತಿಯ ಮಾತಿನಂತೆ ಕಾಣುವ ಮೂರು ಭರವಸೆಗಳಲ್ಲಿ.

ಮೊದಲನೆಯದು ‘ನಾಲ್ಕು ಲಕ್ಷದಲ್ಲೇ ಎಲ್ಲಾ ಮಾಡಿಕೊಡೋಣ’. ಅವರು ಹೇಳಿದ್ದು ‘ಆಚೀಚೆ’. ನೀವು ಅದನ್ನು ‘ನಾಲ್ಕು ಲಕ್ಷದಲ್ಲೇ’ ಎಂದು ಗಟ್ಟಿ ಮಾಡಿದಿರಿ. ಅದಕ್ಕಿಂತ ಅಪಾಯದ ಮಾತು ‘ಎಲ್ಲಾ’. ಓದುವವರ ಲೆಕ್ಕದಲ್ಲಿ ಅದರಲ್ಲಿ ಗ್ರಾನೈಟ್ ಇರಬಹುದು, ಚಿಮಣಿ ಇರಬಹುದು, ಜಿಎಸ್‌ಟಿ ಅಂತೂ ಖಂಡಿತ ಇರುತ್ತದೆ. ನಾಳೆ ನಿಮ್ಮ ಎಸ್ಟಿಮೇಟ್ ಐದು ಲಕ್ಷ ಬಂದರೆ, ಹೋಲಿಕೆ ನಡೆಯುವುದು ಪೇಟೆಯ ಬೆಲೆಯ ಜತೆಗಲ್ಲ, ನಿಮ್ಮದೇ ಮೇಲ್ ಜತೆಗೆ. ಮೇಲ್ ಅಂದರೆ ಬಾಯಿಮಾತಿನ ಹಾಗಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮಿನ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಒಪ್ಪಂದ ಅಸಿಂಧುವಾಗುವುದಿಲ್ಲ. ಈ ಒಂದು ಸಾಲಿನಿಂದಲೇ ಒಪ್ಪಂದ ಆಗಿಬಿಡುತ್ತದೆ ಎಂದಲ್ಲ. ಆದರೆ ಮುಂದೆ ಮಾತಿಗೆ ಮಾತು ಬಂದಾಗ ಅವರು ಮೊದಲು ತೆರೆದು ತೋರಿಸುವುದು ಇದೇ ಸಾಲನ್ನು. ಹಾಗೆಂದು ಹಣದ ಮಾತನ್ನೇ ಎತ್ತದಿರುವುದೂ ಸರಿಯಲ್ಲ, ಅವರು ಬಾಯಿಬಿಟ್ಟು ಒಂದು ಅಂಕಿ ಹೇಳಿದ್ದಾರೆ. ಅದನ್ನು ಕೇಳಿಸಿಕೊಂಡಿದ್ದೇನೆ ಎಂದು ಬರೆಯಿರಿ, ಅದರೊಳಗೆ ಯಾವುದು ಸೇರಿದೆ, ಯಾವುದು ಬೇರೆ ಎಂದು ಬಿಡಿಸಿ ಹೇಳಿ.

ಎರಡನೆಯದು ಗೃಹಪ್ರವೇಶದ ಹೊಣೆ. ನಿಮ್ಮ 35 ದಿನದ ಲೆಕ್ಕ ಶುರುವಾಗುವುದು ಟೈಲ್ಸ್, ಗ್ರಾನೈಟ್ ಆಗಿ ಅಂತಿಮ ಅಳತೆ ಸಿಕ್ಕ ದಿನದಿಂದ, ಮತ್ತು ಆ ಕೆಲಸ ನಿಮ್ಮ ಕೈಯಲ್ಲಿಲ್ಲ. ಟೈಲ್ಸ್‌ನವರು ಹದಿನೈದು ದಿನ ತಡ ಮಾಡಿದರೆ ತಪ್ಪಿದ ಮಾತು ನಿಮ್ಮದಾಗುತ್ತದೆ. ಡಿಸೆಂಬರ್ 10ಕ್ಕೆ ಅಳತೆ ಸಿಕ್ಕರೆ 35 ದಿನಕ್ಕೆ ಜನವರಿ 14 ಬರುತ್ತದೆ. ಹಬ್ಬಕ್ಕೆ ಊರಿಗೆ ಹೋದ ಕೆಲಸಗಾರರು ವಾಪಸು ಬರಲು ಮೂರ್ನಾಲ್ಕು ದಿನ ಸೇರಿಸಿದರೆ ಜನವರಿ 18. ಈ ಎರಡು ತಾರೀಖುಗಳನ್ನು ಜೋಡಿಸಿ ಬರೆದರೆ ಮೇಡಂಗೂ ಅನುಕೂಲ, ಅದನ್ನೇ ತೋರಿಸಿ ಟೈಲ್ಸ್‌ನವರನ್ನು ಅವಸರ ಮಾಡಿಸಬಹುದು.

ಮೂರನೆಯದು ಕಟ್ಟೆ. ಇದು ಸಣ್ಣದಾಗಿ ಕಾಣುತ್ತದೆ, ಆದರೆ ಗ್ರಾನೈಟ್ ಕೂತ ಮೇಲೆ ಬದಲಿಸಲಾಗದ ಸಂಗತಿ. ‘ಕಮ್ಮಿ ಮಾಡೋಣ’ ಎಂದರೆ ಎಷ್ಟು, ಎಲ್ಲಿಂದ ಎಲ್ಲಿಗೆ? ಟೈಲ್ಸ್ ಹಾಕುವ ಮೊದಲಿನ ನೆಲದಿಂದಲೋ, ಆಮೇಲಿನ ನೆಲದಿಂದಲೋ? ಇನ್ನೂ ಒಂದು ತೊಡಕಿದೆ. 32 ಇಂಚು ಎಂದರೆ ಸುಮಾರು 81 ಸೆಂಟಿಮೀಟರ್, ಅದರಲ್ಲಿ ಗ್ರಾನೈಟಿನ ದಪ್ಪವೂ ಸೇರಿತು. ಸಾಮಾನ್ಯ ಅಳತೆಯ ಡಿಶ್‌ವಾಷರ್‌ಗೆ ಕಟ್ಟೆಯಡಿ ಕಡಿಮೆಯೆಂದರೂ ಸುಮಾರು 82 ಸೆಂಟಿಮೀಟರ್ ಜಾಗ ಬೇಕು. ಅಂದರೆ ಅತ್ತೆಯ ಮಾತಿಗೆ ನೀವು ಮೇಲ್‌ನಲ್ಲಿ ಹೂಂ ಅಂದ ಕ್ಷಣ ಸೊಸೆಯ ಮಾತಿಗೆ ಇಲ್ಲ ಅಂದ ಹಾಗಾಯಿತು, ಅದೂ ಅವರಿಬ್ಬರಿಗೂ ಗೊತ್ತಾಗದಂತೆ. ಮನೆಯೊಳಗಿನ ಇಂಥ ತೀರ್ಮಾನವನ್ನು ನೀವು ಮಾಡಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ಅವರಿಗೇ ಬಿಡಿ. ಕಟ್ಟೆಯ ಒಂದು ಭಾಗವನ್ನಷ್ಟೇ ಬೇರೆ ಎತ್ತರದಲ್ಲಿ ಮಾಡಿ ಇಬ್ಬರನ್ನೂ ಒಪ್ಪಿಸುವ ದಾರಿ ಇದೆ, ಅದನ್ನು ಒಂದು ಸಾಲಿನಲ್ಲಿ ಸೂಚಿಸಬಹುದು.

ಉಳಿದವು ಚಿಲ್ಲರೆ ತಿದ್ದುಪಡಿಗಳು. ತಡವಾದದ್ದಕ್ಕೆ ಅಂದೇ ಕ್ಷಮೆ ಕೇಳಿದ್ದೀರಿ, ಮೇಲ್‌ನಲ್ಲಿ ಅರ್ಧ ಸಾಲು ಸಾಕು. ಕಾರಣ ಬೇಡವೇ ಬೇಡ: ‘ಹಿಂದಿನ ಕಸ್ಟಮರ್ ಬಿಡಲಿಲ್ಲ’ ಎಂದರೆ ಅವರಿಗಿಂತ ಇವರು ಕಮ್ಮಿ ಎಂದ ಹಾಗೆ. ‘ಅಜ್ಜಿ’ ಎಂದು ಎದುರಿಗೆ ಯಾರೂ ಕರೆಯದಿದ್ದರೆ ಬರವಣಿಗೆಯಲ್ಲಿ ‘ಅಮ್ಮ’ ಎನ್ನಿ, ಅರವತ್ತರ ಆಸುಪಾಸಿನ ಎಷ್ಟೋ ಜನಕ್ಕೆ ಹೊರಗಿನವರ ಬಾಯಲ್ಲಿ ‘ಅಜ್ಜಿ’ ಇಷ್ಟವಾಗುವುದಿಲ್ಲ. ‘ತಾವು’ ಎಂದು ಶುರುಮಾಡಿ ಹಣದ ಮಾತು ಬರುವಷ್ಟರಲ್ಲಿ ‘ನೀವು’ಗೆ ಇಳಿದಿದ್ದೀರಿ, ನಿಮ್ಮ ಮಾತಿನ ಧಾಟಿಗೆ ‘ನೀವು’ ಹೊಂದುತ್ತದೆ, ಕೊನೆಯವರೆಗೂ ಅದೇ ಇರಲಿ. ‘ಬೇರೆಯವರ ಹತ್ತಿರ ಹೋಗುವ ಮುನ್ನ’ ಎಂಬ ಸಾಲು ಅವರಿಗೆ ಇಲ್ಲದ ಯೋಚನೆಯನ್ನು ತಂದುಕೊಡುತ್ತದೆ, ಹೊಡೆದುಹಾಕಿ. ‘ಮನೆಯ ಮಗ’ ಎನ್ನುವುದನ್ನು ಅವರು ಹೇಳಿದರೆ ಚೆಂದ.

ಇನ್ನು ‘ನಿನ್ನೆ’. ಮೇಲ್ ಸೋಮವಾರ ಓದಿದರೆ ಅದು ಭಾನುವಾರ ಆಗಿಬಿಡುತ್ತದೆ, ‘ಶನಿವಾರ’ ಎಂದೇ ಬರೆಯಿರಿ. ‘ಆದಷ್ಟು ಬೇಗ’, ‘ಬರಬೇಕಾದ್ದನ್ನೂ ಕಳಿಸಿ’ ಎರಡಕ್ಕೂ ತಾರೀಖು ಬೇಕು, ಏನು ಕಳಿಸಬೇಕು ಎಂದೂ ಹೇಳಬೇಕು.

ತಿದ್ದಿದ ಮೇಲ್ ಹೀಗಿರಬಹುದು:

> ವಿಷಯ: ಅಡುಗೆಮನೆ ಕೆಲಸ – ಶನಿವಾರದ ಭೇಟಿಗೆ ಧನ್ಯವಾದ, ಮುಂದಿನ ಹೆಜ್ಜೆ
>
> ನಮಸ್ತೆ ಮೇಡಂ,
>
> ಶನಿವಾರ ನಾನು ತಡವಾಗಿ ಬಂದರೂ ನೀವೆಲ್ಲ ಕಾದಿದ್ದು, ಸಮಾಧಾನವಾಗಿ ಮನೆಯೆಲ್ಲ ತೋರಿಸಿದ್ದು ಮನಸ್ಸಿಗೆ ತುಂಬಾ ಹಿಡಿಸಿತು. ಧನ್ಯವಾದ. ಅಮ್ಮ ಡಬ್ಬಿಯಲ್ಲಿ ತಂದಿದ್ದ ಕೋಡುಬಳೆ ರುಚಿ ಇನ್ನೂ ನಾಲಗೆ ಮೇಲಿದೆ, ಅವರಿಗೆ ದಯವಿಟ್ಟು ತಿಳಿಸಿ.
>
> ನೀವು ಹೇಳಿದ ನಾಲ್ಕು ಲಕ್ಷದ ಅಂದಾಜನ್ನು ಗಮನದಲ್ಲಿಟ್ಟುಕೊಂಡೇ ಎಸ್ಟಿಮೇಟ್ ಮಾಡುತ್ತಿದ್ದೇನೆ. ಅದರಲ್ಲಿ ಅಡುಗೆಮನೆ, ಎರಡು ವಾರ್ಡ್‌ರೋಬ್ ಮತ್ತು ಜಿಎಸ್‌ಟಿ ಸೇರಿರುತ್ತದೆ. ಗ್ರಾನೈಟ್, ಚಿಮಣಿ, ಸ್ಟವ್ ಸೇರಿರುವುದಿಲ್ಲ. ಮೊತ್ತ ಮೀರುವಂತಿದ್ದರೆ ಎಲ್ಲೆಲ್ಲಿ ಕಡಿಮೆ ಮಾಡಬಹುದು ಎಂಬುದನ್ನೂ ಜತೆಗೇ ಬರೆದಿರುತ್ತೇನೆ. ನವೆಂಬರ್ 22, ಶನಿವಾರ ಸಂಜೆಯೊಳಗೆ ನಿಮ್ಮ ಕೈಸೇರುತ್ತದೆ.
>
> ಅದಕ್ಕೆ ಮೊದಲು, 19ರ ಬುಧವಾರದೊಳಗೆ ನಿಮ್ಮಿಂದ ಎರಡು ಬೇಕು. ಒಂದು, ಅಡುಗೆಮನೆಯ ನೀರಿನ ಮತ್ತು ಕರೆಂಟಿನ ಪಾಯಿಂಟ್‌ಗಳು ಕಾಣುವ ಹಾಗೆ ನಾಲ್ಕೂ ಗೋಡೆಯ ಫೋಟೊ. ಇನ್ನೊಂದು, ಕಟ್ಟೆಯ ಎತ್ತರ. ಅಮ್ಮ ಹೇಳಿದಂತೆ ನೆಲದ ಟೈಲ್ಸ್‌ನಿಂದ ಗ್ರಾನೈಟ್ ಮೇಲ್ಭಾಗದವರೆಗೆ 32 ಇಂಚು ಇಟ್ಟರೆ, ನೀವು ಯೋಚಿಸಿರುವ ಡಿಶ್‌ವಾಷರ್ ಅದರಡಿ ಕೂರುವುದಿಲ್ಲ. 34 ಇಟ್ಟರೆ ಸಾಮಾನ್ಯವಾಗಿ ಕೂರುತ್ತದೆ. ಸ್ಟವ್ ಇರುವ ಕಡೆ 32, ಸಿಂಕ್ ಕಡೆ 34 ಮಾಡುವುದಕ್ಕೂ ಆಗುತ್ತದೆ. ಇಬ್ಬರೂ ಮಾತಾಡಿ ಹೇಳಿ.
>
> ಟೈಲ್ಸ್, ಗ್ರಾನೈಟ್ ಮುಗಿದು ಡಿಸೆಂಬರ್ 10ರೊಳಗೆ ನಮಗೆ ಅಂತಿಮ ಅಳತೆ ಸಿಕ್ಕರೆ, ಜನವರಿ 18ರ ಹೊತ್ತಿಗೆ ಕೆಲಸ ಮುಗಿಸಬಹುದು. ಹೊಸ ಅಡುಗೆಮನೆಯಲ್ಲೇ ಗೃಹಪ್ರವೇಶದ ಹಾಲು ಉಕ್ಕಲಿ ಎಂಬುದು ನಮ್ಮ ಆಸೆಯೂ ಹೌದು.
>
> ನಮಸ್ಕಾರಗಳೊಂದಿಗೆ,
> (ನಿಮ್ಮ ಹೆಸರು, ವರ್ಕ್‌ಶಾಪ್ ಹೆಸರು, ಫೋನ್ ನಂಬರ್)

ಹಾಲು ಉಕ್ಕುವ ಸಾಲಿನಲ್ಲಿ ನಿಮ್ಮ ಮೊದಲಿನ ಉತ್ಸಾಹವೇ ಇದೆ, ಆದರೆ ಅದು ಆಸೆಯಾಗಿ ಬಂದಿದೆ, ಹೊಣೆಯಾಗಿ ಅಲ್ಲ. ‘ನಮ್ಮ ಮನೆಗೇ ಬಂದ ಹಾಗಾಯ್ತು’ ಬಿಟ್ಟಿರುವುದು ಅದು ತಪ್ಪೆಂದಲ್ಲ, ಕೋಡುಬಳೆ ಅದನ್ನು ಆಗಲೇ ಹೇಳಿಯಾಗಿದೆ. ಬೇಕೇ ಬೇಕು ಅನಿಸಿದರೆ ಸೇರಿಸಿಕೊಳ್ಳಿ. ವಿಷಯದ ಸಾಲಿನಲ್ಲಿ ‘ಅಡುಗೆಮನೆ ಕೆಲಸ’ ಮೊದಲು ಬಂದಿದೆ, ಏಕೆಂದರೆ ಮೊಬೈಲಿನಲ್ಲಿ ಕಾಣುವುದು ಮೊದಲ ಕೆಲವು ಪದ ಮಾತ್ರ. ಮುಂದೆ ಅವರು ಈ ಮೇಲನ್ನು ಹುಡುಕುವುದೂ ಅದೇ ಪದ ಹಾಕಿ.

ಕಳಿಸುವಾಗ ಎರಡು ಎಚ್ಚರ. ಅಂಗಡಿಯ ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಮೇಲ್‌ಗೆ ಅಂಟಿಸಿದರೆ ಅವರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಮೊದಲು ನಿಮ್ಮ ಹೆಂಡತಿಯ ಫೋನಿಗೆ ಕಳಿಸಿ ನೋಡಿ. ಮೇಡಂ ಅವರ ವಿಳಾಸವನ್ನು ಎಲ್ಲ ಮುಗಿದ ಮೇಲೆ ಕೊನೆಗೆ ತುಂಬಿ, ಆಗ ಅರ್ಧ ಬರೆದದ್ದು ಕೈತಪ್ಪಿ ಹೋಗುವುದಿಲ್ಲ. ಯಜಮಾನರ ವಿಳಾಸ ಗೊತ್ತಿದ್ದರೂ ಕೇಳದೆ ಸೇರಿಸಬೇಡಿ.

ಭಾನುವಾರ ಸಂಜೆ ಅಥವಾ ಸೋಮವಾರ ಬೆಳಗ್ಗೆ ಹೋಗಲಿ, ಅದಕ್ಕಿಂತ ತಡವಾದರೆ ಬುಧವಾರದ ಗಡುವು ಅವರಿಗೆ ಬಿಗಿಯಾಗುತ್ತದೆ. ಮೇಲ್ ದಿನಾ ನೋಡುವವರಲ್ಲ ಅನಿಸಿದರೆ ವಾಟ್ಸ್ಆ್ಯಪ್‌ನಲ್ಲಿ ‘ವಿವರ ಮೇಲ್ ಮಾಡಿದ್ದೇನೆ, ಬಿಡುವಾದಾಗ ನೋಡಿ’ ಎಂದಷ್ಟೇ ಹಾಕಿ. ಬುಧವಾರ ಕಳೆದರೂ ಉತ್ತರ ಬರದಿದ್ದರೆ ಗುರುವಾರ ಒಮ್ಮೆ ಫೋನ್ ಮಾಡಿ ಕಟ್ಟೆಯ ಎತ್ತರ ಮಾತ್ರ ಕೇಳಿ. ಅವರು ಫೋನಿನಲ್ಲೇ ಹೇಳಿದರೆ, ಆ ಅಳತೆಯನ್ನು ಇದೇ ಮೇಲ್‌ನ ಕೆಳಗೆ ಒಂದು ಸಾಲಾಗಿ ಬರೆದು ಮರಳಿ ಕಳಿಸಿ.