ವಾಲ್ವ್ ಟೈಮಿಂಗ್ ಊರಿನವರಿಗೆ ಹೇಳುವಾಗ ನಿಮಿಷದ ಲೆಕ್ಕ ಬೇಡ, ಕೊಡದ ಲೆಕ್ಕ ಹೇಳಿ

ಪ್ರಶ್ನೆ: ಕೋಲಾರ ಕಡೆ ಒಂದು ಗ್ರಾಮ ಪಂಚಾಯಿತಿ ಮೆಂಬರ್ ನಾನು. ನಮ್ಮ ಓವರ್‌ಹೆಡ್ ಟ್ಯಾಂಕ್‌ಗೆ ತಾನಾಗೇ ತೆಗೆದು ಮುಚ್ಚೋ ವಾಲ್ವ್ ಹಾಕಿದ್ದಾರೆ. ಭಾನುವಾರ ಜನರ ಮುಂದೆ ಹೊಸ ಟೈಮಿಂಗ್ ಹೇಳಬೇಕು. ಜಗಳ ಆಗದ ಹಾಗೆ ಏನಂತ ಮಾತಾಡಲಿ?

ನಾನೂ ಮೆಂಬರೇ, ಚಿಂತಾಮಣಿ ತಾಲೂಕಿನವನು. ನಮ್ಮಲ್ಲಿ ಈ ವಾಲ್ವ್ ಬಂದಾಗ ನಾನು ಎರಡು ಸಲ ಮಾತಾಡಬೇಕಾಯ್ತು. ಮೊದಲನೇ ಸಲ ಟೈಮಿಂಗ್ ಚೀಟಿ ಓದಿ ಹೇಳಿದೆ: ಮೇಲಿನ ಬೀದಿಗೆ 50 ನಿಮಿಷ, ಶಾಲೆ ಬೀದಿಗೆ 40, ಕೆಳಗಿನ ಬೀದಿಗೆ 30. ಅಷ್ಟಕ್ಕೇ ಕೆಳಗಿನ ಬೀದಿಯವರು ಎದ್ದು ನಿಂತರು. "ಅವರಿಗೆ 50, ನಮಗೆ 30 ಯಾಕಪ್ಪಾ? ನಾವು ಓಟು ಹಾಕಿಲ್ವಾ?" ಅಂದರು. ಅವರ ಸಿಟ್ಟು ನ್ಯಾಯವಾದದ್ದೇ. ಕೇಳಿದವರಿಗೆ ಹಾಗೇ ಅನಿಸುತ್ತೆ. ತಪ್ಪು ನಾನು ಹೇಳಿದ ರೀತಿಯಲ್ಲಿತ್ತು.

ಎರಡನೇ ಸಲ ಮಾತಾಡೋಕೆ ಮುಂಚೆ ನಾನೂ ನೀರುಗಂಟಿಯೂ ಮೂರು ದಿನ ಬೆಳಿಗ್ಗೆ ಒಂದೊಂದು ಬೀದಿಯ ಕೊನೇ ಮನೆ ಮುಂದೆ ನಿಂತೆವು. ಕೈಯಲ್ಲಿ 15 ಲೀಟರ್ ಹಿಡಿಯೋ ಒಂದು ಪ್ಲಾಸ್ಟಿಕ್ ಕೊಡ, ಜೊತೆಗೆ ಫೋನು. ವಾಲ್ವ್ ತೆಗೆದ ಮೇಲೆ ಆ ನಲ್ಲಿಗೆ ನೀರು ಬರೋಕೆ ಎಷ್ಟು ಹೊತ್ತು ಆಗುತ್ತೆ, ಬಂದ ಮೇಲೆ ಕೊಡ ತುಂಬೋಕೆ ಎಷ್ಟು ಹೊತ್ತು, ಎರಡನ್ನೂ ಬರೆದುಕೊಂಡೆವು. ಇದನ್ನು ಅಳೆಯುವಾಗ ಆ ಬೀದಿಯ ಎಲ್ಲ ಮನೆಯವರೂ ನೀರು ಹಿಡಿಯುತ್ತಾ ಇರಬೇಕು. ಒಂದೇ ನಲ್ಲಿ ಬಿಟ್ಟು ನೋಡಿದರೆ ಕೊಡ ಬೇಗ ತುಂಬಿಬಿಡುತ್ತೆ, ಲೆಕ್ಕ ಪೂರ್ತಿ ತಪ್ಪುತ್ತೆ.

ಕೆಳಗಿನ ಬೀದಿಯಲ್ಲಿ ಮೂರೇ ನಿಮಿಷಕ್ಕೆ ನೀರು ಬಂತು, ಕೊಡಕ್ಕೆ ಒಂದೂವರೆ ನಿಮಿಷ ಹಿಡಿಯಿತು. ಶಾಲೆ ಬೀದಿಗೆ ನೀರು ತಲುಪೋಕೆ ನಾಲ್ಕು ನಿಮಿಷ, ಕೊಡಕ್ಕೆ ಎರಡು. ಮೇಲಿನ ಬೀದಿ ದಿಬ್ಬದ ಮೇಲಿದೆ. ಖಾಲಿ ಪೈಪ್ ತುಂಬಿ ನೀರು ಹತ್ತೋಕೇ ಏಳು ನಿಮಿಷ, ಆಮೇಲೆ ಒಂದೊಂದು ಕೊಡಕ್ಕೆ ಎರಡೂವರೆ.

ಎರಡನೇ ಸಭೆಯನ್ನು ಹಾಲಿನ ಡೈರಿ ಮುಂದೆ ಇಟ್ಟುಕೊಂಡೆ. ಸಾಯಂಕಾಲ ಹಾಲು ಹಾಕೋಕೆ ಎಲ್ಲ ಮನೆಯವರೂ ಅಲ್ಲಿಗೇ ಬರ್ತಾರೆ. ಆ ಕೊಡವನ್ನೇ ಟೇಬಲ್ ಮೇಲಿಟ್ಟೆ. ಅರ್ಧ ಕನ್ನಡ, ಅರ್ಧ ತೆಲುಗಲ್ಲಿ ಮಾತಾಡಿದೆ, ನಮ್ಮ ಕಡೆ ಹಾಗೇ. ಹೇಳಿದ್ದು ಹೆಚ್ಚೂಕಡಿಮೆ ಇಷ್ಟು:

"ಅಕ್ಕಂದಿರೇ, ಅಣ್ಣಂದಿರೇ, ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು. ಮನೆಗೆ ನಾಲ್ಕೈದು ಜನ ಅಂದರೆ ಸುಮಾರು 250 ಲೀಟರ್. ಅಂದರೆ ಈ ಕೊಡದಲ್ಲಿ 17 ಕೊಡ. ಇಷ್ಟು ದಿನ ಎಲ್ಲ ಬೀದಿಗೂ ಅರ್ಧ ಗಂಟೆ ಬಿಡ್ತಾ ಇದ್ದೆವು. ಅದರಲ್ಲಿ ಕೆಳಗಿನ ಬೀದಿ ಕೊನೇ ಮನೆಗೆ 18 ಕೊಡ ಸಿಗ್ತಾ ಇತ್ತು. ಶಾಲೆ ಬೀದಿಗೆ 13. ಮೇಲಿನ ಬೀದಿ ಕೊನೇ ಮನೆ ಅಜ್ಜಿಗೆ ಬರೀ 9. ಟೈಮ್ ಒಂದೇ ಇತ್ತು, ನೀರು ಒಂದೇ ಇರಲಿಲ್ಲ. ಇನ್ನು ಮೇಲೆ ಎಲ್ಲರಿಗೂ 17 ಕೊಡ. ಆ 17 ತುಂಬೋಕೆ ಯಾವ ಬೀದಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ವಾಲ್ವ್ ತೆಗೆದಿರುತ್ತೆ."

ಆ 9 ಅನ್ನೋ ಲೆಕ್ಕ ಕೇಳಿದ ಮೇಲೆ ಕೆಳಗಿನ ಬೀದಿಯವರು 30 ನಿಮಿಷದ ಮಾತು ಎತ್ತಲಿಲ್ಲ.

ಆದರೆ ಇನ್ನೊಂದು ಮಾತು ಬಂತು. "ಮೇಲಿನ ಬೀದಿಗೇ ಮೊದಲು ಯಾಕೆ?" ಅಂದರು. ನಮ್ಮ ಟೈಮಿಂಗ್ ಹೀಗಿದೆ: ಬೆಳಿಗ್ಗೆ 5:30ಕ್ಕೆ ಮೇಲಿನ ಬೀದಿ, 6:20ಕ್ಕೆ ಶಾಲೆ ಬೀದಿ, 7 ಗಂಟೆಗೆ ಕೆಳಗಿನ ಬೀದಿ, 7:30ಕ್ಕೆ ಎಲ್ಲ ಬಂದ್. ಕಾರಣ ಸುಲಭ. ಟ್ಯಾಂಕ್ ತುಂಬಿರುವಾಗ ನೀರಿನ ಒತ್ತಡ ಜಾಸ್ತಿ ಇರುತ್ತೆ, ಖಾಲಿ ಆಗ್ತಾ ಬಂದ ಹಾಗೆ ಕಡಿಮೆ ಆಗುತ್ತೆ. ಕೆಳಗಿನ ಬೀದಿಗೆ ಟ್ಯಾಂಕ್‌ನ ತಳದ ನೀರಾದರೂ ಇಳಿದು ಬರುತ್ತೆ, ದಿಬ್ಬಕ್ಕೆ ಹತ್ತಲ್ಲ. ಒಂದು ಬಾಟಲಿಗೆ ತಳದಲ್ಲಿ ತೂತು ಮಾಡಿ, ನೀರು ತುಂಬಿ ತೋರಿಸಿದೆ. ಮೊದಲು ದೂರ ಚಿಮ್ಮಿತು, ಕೊನೆಗೆ ಕಾಲ ಬುಡದಲ್ಲೇ ತೊಟ್ಟಿಕ್ಕಿತು. ಮುಂದೆ ಕೂತಿದ್ದ ಮಕ್ಕಳೇ ಕಾರಣ ಹೇಳಿಬಿಟ್ಟರು.

ನೀರು ಸಾಲದ ದಿನ ಏನು ಮಾಡ್ತೀರಿ ಅನ್ನೋದನ್ನೂ ಅದೇ ಸಭೆಯಲ್ಲಿ ಹೇಳಿಬಿಡಿ. ನಮ್ಮದು 50,000 ಲೀಟರ್ ಟ್ಯಾಂಕ್. ಮೂರೂ ಬೀದಿ ಸೇರಿ ಒಂದು ಸುತ್ತಿಗೆ ಹತ್ತಿರ ಹತ್ತಿರ 30,000 ಲೀಟರ್ ಹೋಗುತ್ತೆ. ಲೆಕ್ಕಕ್ಕೆ ಇನ್ನೂ ಕಡಿಮೆ ಬೇಕು, ಆದರೆ ಟ್ಯಾಂಕ್ ಹತ್ತಿರದ ಮನೆಗಳಿಗೆ ಯಾವಾಗಲೂ ಸ್ವಲ್ಪ ಜಾಸ್ತಿ ಹೋಗುತ್ತೆ. ರಾತ್ರಿ ತ್ರೀ ಫೇಸ್ ಕರೆಂಟ್ ಸರಿಯಾಗಿ ಬರದೆ ಬೋರ್‌ವೆಲ್ ಓಡದಿದ್ದರೆ ಅಷ್ಟು ತುಂಬಿರಲ್ಲ. ಅಂಥ ದಿನ ಟೈಮರ್ ತನ್ನ ಪಾಡಿಗೆ ವಾಲ್ವ್ ತೆಗೆದರೆ ಮೊದಲ ಬೀದಿಗೆ ಪೂರ್ತಿ, ಕೊನೇ ಬೀದಿಗೆ ಸೊನ್ನೆ. ಅದಕ್ಕೇ 30,000 ಲೀಟರ್ ಮಟ್ಟದಲ್ಲಿ ಒಂದು ಫ್ಲೋಟ್ ಸ್ವಿಚ್ ಹಾಕಿಸಿದ್ದೇವೆ. ಸುತ್ತು ಶುರುವಾಗೋ ಹೊತ್ತಿಗೆ ನೀರು ಅದಕ್ಕಿಂತ ಕೆಳಗಿದ್ದರೆ ಯಾವ ವಾಲ್ವೂ ತೆಗೆಯಲ್ಲ. ಅಷ್ಟು ತುಂಬಿದ ಮೇಲೆ ಸುತ್ತು ಶುರು. ಬಂದರೆ ಮೂರೂ ಬೀದಿಗೆ ಬರಬೇಕು, ತಡವಾದರೂ ಪರವಾಗಿಲ್ಲ ಅಂತ ಜನರೇ ಒಪ್ಪಿದ್ದು. ನಿಮ್ಮಲ್ಲಿ ಆ ಸ್ವಿಚ್ ಇದೆಯಾ ಅಂತ ಭಾನುವಾರಕ್ಕೆ ಮುಂಚೆ ಕೇಳಿಕೊಳ್ಳಿ.

ಗಡಿಯಾರವನ್ನೂ ನೋಡಿಕೊಳ್ಳಿ. ಮೊದಲ ತಿಂಗಳಲ್ಲಿ ಒಂದು ದಿನ ನಮ್ಮ ವಾಲ್ವ್ 5:30ರ ಬದಲು 8 ಗಂಟೆ ದಾಟಿದ ಮೇಲೆ ತೆಗೆಯಿತು. ಹಿಪ್ಪುನೇರಳೆ ತೋಟಕ್ಕೆ ಕೂಲಿಗೆ ಹೋಗೋ ಹೆಂಗಸರು ಅಷ್ಟೊತ್ತಿಗೆ ಹೊರಟು ಹೋಗಿದ್ದರು, ಮನೇಲಿ ಒಂದು ಬಿಂದಿಗೆ ನೀರಿಲ್ಲ. ರಾತ್ರಿ ಎರಡೂವರೆ ಗಂಟೆಗೂ ಮೇಲೆ ಕರೆಂಟ್ ಇರಲಿಲ್ಲ. ಪೆಟ್ಟಿಗೆಯೊಳಗಿನ ಗಡಿಯಾರದ ಚಿಕ್ಕ ಬ್ಯಾಟರಿ ಸತ್ತಿತ್ತು, ಅದಕ್ಕೆ ಅಷ್ಟು ಹೊತ್ತು ಗಡಿಯಾರವೂ ನಿಂತಿತ್ತು. ಈಗ ನೀರುಗಂಟಿ ದಿನಾ ರಾತ್ರಿ ಪೆಟ್ಟಿಗೆಯ ಟೈಮನ್ನು ಫೋನಿನ ಟೈಮ್ ಜೊತೆ ಹೋಲಿಸಿ ನೋಡ್ತಾರೆ. ವಾಲ್ವ್ ಮೋಟಾರ್ ಅರ್ಧಕ್ಕೆ ನಿಂತರೆ ಕೈಯಲ್ಲಿ ತಿರುಗಿಸೋ ಹಿಡಿ ಎಲ್ಲಿದೆ ಅಂತ ನಾವಿಬ್ಬರೂ ಕಲಿತಿದ್ದೇವೆ. ನೀರುಗಂಟಿ ಕೆಲಸ ಹೋಯ್ತಾ ಅಂತ ಜನ ಖಂಡಿತ ಕೇಳ್ತಾರೆ. ಹೋಗಿಲ್ಲ. ಟ್ಯಾಂಕ್ ತೊಳೆಯೋದು, ಕ್ಲೋರಿನ್ ಹಾಕೋದು, ಸೋರೋ ಪೈಪ್ ಹುಡುಕೋದು ಯಾವ ಪೆಟ್ಟಿಗೆಯಿಂದಲೂ ಆಗಲ್ಲ. ಅವರ ಎದುರಿಗೇ ಇದನ್ನು ಹೇಳಿ.

ಇನ್ನು ಹೇಳೋಕೆ ಕಷ್ಟವಾದ ಮಾತು ಒಂದಿದೆ, ಬಿಡಬೇಡಿ. ಜಾಸ್ತಿ ನೀರು ಬರಲಿ ಅಂತ ನಮ್ಮ ಜನ ನಲ್ಲಿ ಕೆಳಗೆ ಗುಂಡಿ ತೋಡ್ತಾರೆ, ಅಲ್ವಾ? ವಾಲ್ವ್ ಮುಚ್ಚಿದ ಕೂಡಲೇ ಪೈಪ್‌ನಲ್ಲಿರೋ ನೀರು ತಗ್ಗಿಗೆ ಇಳಿಯುತ್ತೆ, ಪೈಪ್ ಒಳಗಿಂದ ಎಳೆಯೋಕೆ ಶುರು ಮಾಡುತ್ತೆ. ನಲ್ಲಿ ತೆರೆದಿದ್ದು, ಅದರ ಬಾಯಿ ಗುಂಡಿ ನೀರಲ್ಲಿ ಮುಳುಗಿದ್ದರೆ ಆ ಕೊಳಕು ಪೈಪ್ ಒಳಗೆ ಹೋಗುತ್ತೆ. ಮಾರನೇ ದಿನ ಅದು ಇನ್ನೊಬ್ಬರ ಕೊಡಕ್ಕೆ ಬೀಳುತ್ತೆ. ನಾನು ಒಂದು ಸ್ಟ್ರಾ ತೆಗೆದುಕೊಂಡು, ಕಾಫಿ ಪುಡಿ ಕಲಸಿದ ನೀರಲ್ಲಿ ಅದ್ದಿ ಎಳೆದು ತೋರಿಸಿದೆ. ನೀರು ನಿಂತ ಮೇಲೆ ನಲ್ಲಿ ತಿರುಗಿಸಿ ಮುಚ್ಚಿ, ಬೆಳಿಗ್ಗೆ ಮೊದಲ ಒಂದು ನಿಮಿಷದ ನೀರನ್ನು ಕುಡಿಯೋಕೆ ಹಿಡಿಯಬೇಡಿ, ಗಿಡಕ್ಕೆ ಹಾಕಿ ಅಂದೆ. ನಲ್ಲಿಗೇ ಮೋಟಾರ್ ಹಾಕಿ ಎಳೆಯೋರಿಗೂ ಅಲ್ಲೇ ಹೇಳಿದೆ. ಯಾರ ಹೆಸರೂ ಎತ್ತಲಿಲ್ಲ. ಒಂದು ಮೋಟಾರ್ ಓಡಿದರೂ ಕೊನೇ ಮನೆಯ ಕೊಡದ ಲೆಕ್ಕ ಕೆಡುತ್ತೆ ಅಂದೆ, ಅಷ್ಟೇ.

ಮಾತು ಮುಗಿದ ಮೇಲೆ ಟೈಮಿಂಗ್ ಚೀಟಿಯನ್ನು ಡೈರಿ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ಕೊಡದ ಲೆಕ್ಕವನ್ನೂ ಬರೆಯಿರಿ. ಮೊದಲ ವಾರ ದಿನಾ ಕೊನೇ ಮನೆ ಹತ್ತಿರ ಹೋಗಿ ನಿಲ್ಲಿ. ನಮ್ಮಲ್ಲಿ ಮೂರನೇ ದಿನ ಆ ಅಜ್ಜಿ ಎಣಿಸಿ 15 ಕೊಡ ಆಯ್ತು ಮೆಂಬರೇ, ಇನ್ನೆರಡು ಬಾಕಿ ಅಂದರು. ಮೇಲಿನ ಬೀದಿಗೆ ಐದು ನಿಮಿಷ ಸೇರಿಸಿದೆವು, ಉಳಿದ ಎರಡು ಬೀದಿಯ ಸರದಿ ಐದೈದು ನಿಮಿಷ ಮುಂದಕ್ಕೆ ಹೋಯ್ತು. ಯಾರೂ ಜಗಳಕ್ಕೆ ಬರಲಿಲ್ಲ.