ಆರು ನಿಮಿಷದ ಶೋರೀಲ್‌ನಲ್ಲಿ ಏನನ್ನು ಉಳಿಸಲಿ?

ಪ್ರಶ್ನೆ: ಉಡುಪಿಯಲ್ಲಿ ಮದುವೆ, ಯಕ್ಷಗಾನ, ಹೋಟೆಲ್ ಜಾಹೀರಾತು ಅಂತ ಶೂಟಿಂಗ್, ಎಡಿಟಿಂಗ್ ಎರಡೂ ಮಾಡುತ್ತೇನೆ. ಬೆಂಗಳೂರಿನ ಜಾಹೀರಾತು ಕಂಪನಿಗಳಲ್ಲಿ ಫ್ರೀಲಾನ್ಸ್ ಎಡಿಟಿಂಗ್ ಕೆಲಸ ಕೇಳಬೇಕು. ಹಳೆಯ ಕೆಲಸಗಳಿಂದ ಶೋರೀಲ್ ಮಾಡಿದೆ, ಆರು ನಿಮಿಷ ಆಯಿತು. ಯಾವುದನ್ನೂ ತೆಗೆಯಲು ಮನಸ್ಸಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ಒಂದೂವರೆ ನಿಮಿಷ ದಾಟಬೇಡಿ. ಏನು ತೆಗೆಯಬೇಕು ಅನ್ನೋದು ನೀವು ಕೇಳುವ ಕೆಲಸದ ಮೇಲೆ ನಿಂತಿದೆ. ನೀವು ಕೇಳುತ್ತಿರುವುದು ಎಡಿಟಿಂಗ್, ಕ್ಯಾಮೆರಾ ಅಲ್ಲ. ಹಾಗಾಗಿ ಮಲ್ಪೆ ಬೀಚಿನ ಡ್ರೋನ್ ಶಾಟ್ ಇದ್ದರೆ ಮೊದಲು ಅದನ್ನೇ ತೆಗೆದುಹಾಕಿ. ಚೆಂದ ಇರುತ್ತದೆ, ನಿಜ. ಆದರೆ ಅದರಲ್ಲಿ ಎಡಿಟರ್ ಮಾಡಿದ್ದೇನು?

ಹೆಚ್ಚಿನವರು ಜೋರು ಹಾಡು ಹಾಕಿ, ತಾಳಕ್ಕೆ ಸರಿಯಾಗಿ ಒಂದೊಂದು ಸೆಕೆಂಡಿನ ಶಾಟ್ ಕತ್ತರಿಸಿ ಜೋಡಿಸುತ್ತಾರೆ. ಕ್ಯಾಮೆರಾಮನ್‌ಗೆ ಅದು ಸಾಕು. ಎಡಿಟರ್‌ಗೆ ಅದರಿಂದ ನಷ್ಟವೇ ಜಾಸ್ತಿ, ಯಾಕೆಂದರೆ ಮೂಲ ಕೆಲಸದಲ್ಲಿ ಯಾವ ಶಾಟ್ ಆದ ಮೇಲೆ ಯಾವುದನ್ನು ಇಟ್ಟಿರಿ, ಎಷ್ಟು ಹೊತ್ತು ಬಿಟ್ಟಿರಿ ಅನ್ನೋದು ಕಾಣುವುದೇ ಇಲ್ಲ. ಬದಲಿಗೆ ಮೂರೇ ತುಂಡು ಆರಿಸಿ, ಪ್ರತಿಯೊಂದನ್ನೂ ಅದರ ಮೂಲ ಧ್ವನಿಯ ಜೊತೆಗೆ ಮುರಿಯದೆ ಬಿಡಿ.

ಹೆಸರು, 'ಎಡಿಟರ್' ಅನ್ನುವ ಮಾತು, ಮೂರು ಸೆಕೆಂಡ್. ಕೂಡಲೇ ಹೋಟೆಲ್ ಜಾಹೀರಾತು ಬರಲಿ, ಕಂಪನಿಯವರಿಗೆ ಬೇಕಾದದ್ದು ಅದೇ ಅಲ್ವಾ? ಇಪ್ಪತ್ತು ಸೆಕೆಂಡ್ ಸಾಕು. ಅದರಲ್ಲಿ ನೀರುದೋಸೆ ಇದ್ದರೆ, ಹಿಟ್ಟು ಕಾವಲಿಗೆ ಬಿದ್ದ 'ಚುಂಯ್' ಸದ್ದು ಹಿಂದಿನ ಶಾಟ್‌ನ ಮೇಲೆಯೇ ಕೇಳಿ, ಅರ್ಧ ಸೆಕೆಂಡ್ ಬಿಟ್ಟು ಕಾವಲಿ ಕಾಣುವಂಥ ಕಟ್ ಇರುವ ಭಾಗವನ್ನೇ ಆರಿಸಿ. ಇಂಥ ಜೆ-ಕಟ್ ಒಂದಿದ್ದರೂ ಗೊತ್ತಿದ್ದವರ ಕಣ್ಣಿಗೆ ಬೀಳುತ್ತದೆ. ಆಮೇಲೆ ಮೂವತ್ತು ಸೆಕೆಂಡ್ ಮದುವೆ: ಧಾರೆಯ ಹೊತ್ತಿನ ಅಪ್ಪ-ಮಗಳ ಮುಖ, ಹಾಡಿಲ್ಲದೆ. ಮೌನವನ್ನು ಎಷ್ಟು ಹಿಡಿದಿರಿ ಅನ್ನೋದು ಅಲ್ಲಿ ತಿಳಿಯುತ್ತದೆ. ಕೊನೆಗೆ ಇಪ್ಪತ್ತು ಸೆಕೆಂಡ್ ಯಕ್ಷಗಾನ, ಎರಡು-ಮೂರು ಕ್ಯಾಮೆರಾದಲ್ಲಿ ತೆಗೆದದ್ದೇ ಆಗಬೇಕು. ಚೆಂಡೆಯ ಪೆಟ್ಟಿಗೂ ವೇಷದ ದಿಗಿಣಕ್ಕೂ ಸ್ವಲ್ಪ ಹಿಂದೆಮುಂದೆ ಆದರೂ ಎದ್ದು ಕಾಣುತ್ತದೆ, ಹಾಗಾದ ತುಂಡನ್ನು ಹಾಕಬೇಡಿ. ಫೋನ್ ನಂಬರಿಗೆ ಐದು ಸೆಕೆಂಡ್ ಸೇರಿಸಿದರೆ ಒಟ್ಟು 78.

ಬೇರೆಯವರು ಶೂಟ್ ಮಾಡಿದ್ದರೆ ಮೂಲೆಯಲ್ಲಿ 'ಎಡಿಟಿಂಗ್ ಮಾತ್ರ' ಅಂತ ಬರೆಯಿರಿ. ಸಂದರ್ಶನದಲ್ಲಿ ಲೆನ್ಸ್ ಬಗ್ಗೆ ಕೇಳಿದಾಗ ತಡವರಿಸುವುದು ತಪ್ಪುತ್ತದೆ.

ವಾಟ್ಸಾಪ್‌ನಲ್ಲಿ ಬಂದ ಪ್ರತಿಯನ್ನು ಬಳಸಬೇಡಿ. ಕುಗ್ಗಿಸಿದ ಫೈಲ್ ಅದು, ಯಕ್ಷಗಾನದ ಕತ್ತಲ ಹಿನ್ನೆಲೆಯಲ್ಲಿ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಹುಡುಕಿ ಮೂಲ ಫೈಲ್ ತೆಗೆಯಿರಿ. ಮದುವೆ ಮನೆಯವರನ್ನೂ ಹೋಟೆಲಿನವರನ್ನೂ ಮೇಳದವರನ್ನೂ ಒಂದು ಮಾತು ಕೇಳಿ, ಒಪ್ಪಿಗೆಯನ್ನು ಮೆಸೇಜ್‌ನಲ್ಲೇ ಪಡೆಯಿರಿ. ಮನೆಯವರು ಬೇಡ ಎಂದರೆ ಆ ಮೂವತ್ತು ಸೆಕೆಂಡಿಗೆ ಬೇರೆ ಮದುವೆ ಹುಡುಕಬೇಕು, ಮುಖ ಮಸುಕು ಮಾಡಿ ಹಾಕಿದರೆ ಆ ದೃಶ್ಯದಲ್ಲಿ ಏನೂ ಉಳಿಯುವುದಿಲ್ಲ.